ಕೆತ್ತನೆ ಬಾಗಿಲ ಆರ್ಡರಿಗೆ ಅಡ್ವಾನ್ಸ್ ಕೇಳೋದು ಹೇಗೆ?

ಪ್ರಶ್ನೆ: ಕುಮಟಾ ಹತ್ರ ಸಣ್ಣ ಮರಗೆಲಸದ ಶೆಡ್ ಇಟ್ಟಿದ್ದೇನೆ. ಬೆಂಗಳೂರಲ್ಲಿರೋ ಪಾರ್ಟಿ ಒಂದು ಊರಲ್ಲಿ ಕಟ್ಟಿಸ್ತಿರೋ ಮನೆಗೆ ಸಾಗವಾನಿ ಕೆತ್ತನೆ ಬಾಗಿಲು ಕೇಳಿದ್ದಾರೆ, 1,20,000ಕ್ಕೆ ಮಾತಾಗಿದೆ. ಅಡ್ವಾನ್ಸ್ ಅಂದ್ರೆ "ಕೆಲಸ ಮುಗಿಲಿ ಒಟ್ಟಿಗೇ ಕೊಡ್ತೇನೆ" ಅಂತಾರೆ. ಎಷ್ಟು ಕೇಳ್ಬೇಕು, ಹೇಗೆ ಕೇಳ್ಬೇಕು?

ಉತ್ತರ:

ನಾನು ಶಿರಸಿ ಕಡೆಯವನು, ಇದೇ ಕೆಲಸ. ಎಷ್ಟು ಪರ್ಸೆಂಟ್ ಅಂತ ಮೊದ್ಲು ಯೋಚನೆ ಮಾಡ್ಬೇಡಿ ಮಾರಾಯ್ರೆ. ಪಾರ್ಟಿ ನಾಳೆ ಬೇಡ ಅಂದ್ರೆ ನಿಮ್ಮ ಕೈಯಲ್ಲಿ ಯಾರಿಗೂ ಮಾರಲಾಗದ ವಸ್ತು ಎಷ್ಟು ರೂಪಾಯಿದು ಉಳಿತದೆ, ಅದನ್ನ ಲೆಕ್ಕ ಹಾಕಿ. ಅವರ ಅಳತೆಗೆ ಕೊಯ್ದು ಅವರ ಡಿಸೈನ್ ಕೆತ್ತಿದ ಬಾಗಿಲು ಇನ್ನೊಬ್ಬರ ಮನೆಗೆ ಹೊಂದೋದು ಅಪರೂಪ. ಕುರ್ಚಿ ಮಂಚ ಆದ್ರೆ ಅಂಗಡಿಲಿಟ್ಟು ಮಾರ್ಬಹುದು, ಇದು ಹಾಗಲ್ಲ.

ನಿಮ್ಮ 1,20,000ವನ್ನೇ ಬಿಡಿಸಿ ನೋಡೋಣ, ರೇಟು ನಾನು ಅಂದಾಜಿಗೆ ಹಾಕಿದ್ದು, ನಿಮ್ಮದನ್ನ ಹಾಕ್ಕೊಳ್ಳಿ. ಫ್ರೇಮಿಗೆ ಕದಕ್ಕೆ ಸೇರಿ ನಿಕ್ಕಿ ಬೇಕಾಗೋದು 8 ಸಿಎಫ್‌ಟಿ ಆಸುಪಾಸು, ಆದ್ರೆ ಗಂಟು ಬಿರುಕು ಬಿಳಿ ಮರ ಎಲ್ಲ ತೆಗೆದು ಹಾಕ್ಬೇಕಲ್ಲ, ಹಾಗಾಗಿ 11 ತಗೋತೀರಿ, ಸಿಎಫ್‌ಟಿಗೆ 4,500 ಅಂದ್ರೆ 49,500. ಕೊಯ್ಸೋದು ಡ್ರಾಯಿಂಗು ಸೇರಿ 4,000. ಫ್ರೇಮಿನ ಕೆಲಸದ ಕೂಲಿ 12,000, ಕದದ ಕೆತ್ತನೆಗೆ 20,000, ಪಾಲಿಶು ಹಿತ್ತಾಳೆ ಸಾಮಾನು 14,000, ಸಾಗಿಸಿ ಕೂರಿಸೋದಕ್ಕೆ 4,500. ಒಟ್ಟು ಖರ್ಚು 1,04,000, ಉಳಿಯೋದು 16,000.

ಈಗ ಎಲ್ಲರೂ ಮಾಡೋ ಹಾಗೆ ಅರ್ಧ ಮೊದ್ಲು ಅರ್ಧ ಕೊನೆಗೆ ಅಂತ 60,000 ತಗೊಂಡ್ರಿ ಅಂದ್ಕೊಳ್ಳಿ. ಪಾಲಿಶ್ ಮುಗಿಯೋ ಹೊತ್ತಿಗೆ ನಿಮ್ಮ ಕಡೆಯಿಂದ 99,500 ಹೋಗಿರ್ತದೆ, ಅಂದ್ರೆ 39,500 ನಿಮ್ಮದೇ ದುಡ್ಡು ಆ ಬಾಗಿಲೊಳಗೆ ಸಿಕ್ಕಿಬಿದ್ದಿರ್ತದೆ, ಆಗ ಪಾರ್ಟಿ "ಸ್ವಲ್ಪ ಬಿಟ್ಟು ಮಾಡಿ" ಅಂದ್ರೆ ನೀವು ಬಿಟ್ಟು ಮಾಡ್ಲೇಬೇಕು. ಅದ್ಕೇ ನಾನು ಐದು ಕಂತು ಮಾಡ್ತೇನೆ. ಆರ್ಡರ್ ಪಕ್ಕಾ ಆದಾಗ 60,000. ಫ್ರೇಮ್ ರೆಡಿ ಆಗಿ ಶೆಡ್ಡಿಂದ ಹೊರಡೋ ಮೊದ್ಲು 18,000. ಕದದ ಕೆತ್ತನೆ ಮುಗಿದು ಪಾಲಿಶ್ ಹಚ್ಚೋ ಮೊದ್ಲು 24,000. ಪಾಲಿಶ್ ಆಗಿ ಗಾಡಿಗೆ ಹೇರೋ ಮೊದ್ಲು 12,000. ಕೂರಿಸಿ ಕೀಲಿ ತಿರುಗಿಸಿ ತೋರಿಸಿದ ಮೇಲೆ 6,000. ಹೀಗೆ ಮಾಡಿದ್ರೆ ಯಾವ ಹಂತದಲ್ಲೂ ನಿಮ್ಮ ಕೈಯಿಂದ 7,500ಕ್ಕಿಂತ ಜಾಸ್ತಿ ಹೊರಗಿರೋದಿಲ್ಲ, ಬೇಕಾದ್ರೆ ಕೂಡಿಸಿ ನೋಡಿ. ಕೊನೇ 6,000 ತಡ ಆದ್ರೂ ಅದು ನಿಮ್ಮ ಲಾಭದ ಪಾಲು, ಮರದ ಅಂಗಡಿ ಸಾಲ ಅಲ್ಲ. ಪಾರ್ಟಿಗೂ ಏನೋ ಒಂದು ಕೈಯಲ್ಲಿ ಹಿಡಿದಿಟ್ಟುಕೊಂಡ ಸಮಾಧಾನ ಇರ್ತದೆ.

ಇಲ್ಲಿ ಮುಖ್ಯ ವಿಷಯ ಹಂತ ಅಂತ ಯಾವುದನ್ನ ಬರೀತೀರಿ ಅನ್ನೋದು. "ಅರ್ಧ ಕೆಲಸ ಆದ ಮೇಲೆ" ಅಂತ ಬರೆದ್ರೆ ಜಗಳ ಗ್ಯಾರಂಟಿ, ಯಾಕಂದ್ರೆ ಅರ್ಧ ಅನ್ನೋದು ನಿಮ್ಮ ಕಣ್ಣಿಗೆ ಬೇರೆ ಅವರ ಕಣ್ಣಿಗೆ ಬೇರೆ. ಫೋಟೋದಲ್ಲಿ ಹೌದು ಅಲ್ಲ ಅಂತ ಗೊತ್ತಾಗೋ ಹಾಗಿರ್ಬೇಕು. ಎರಡನೇದು, ಹಂತ ನಿಮ್ಮ ಕೈಯಲ್ಲೇ ಇರ್ಬೇಕು. "ಗೋಡೆಗೆ ಫ್ರೇಮ್ ಕೂರಿಸಿದ ಮೇಲೆ" ಅಂತ ಬರೆದು ಕೊಟ್ರೆ ಸಿಮೆಂಟ್ ಮೇಸ್ತ್ರಿ ಮಳೆಗಾಲ ಅಂತ ಗೋಡೆ ನಿಲ್ಸಿಬಿಡ್ತಾನೆ, ನಿಮ್ಮ ಫ್ರೇಮ್ ಶೆಡ್ಡಲ್ಲಿ ಒರಗಿಕೊಂಡಿರ್ತದೆ, ದುಡ್ಡೂ ಇಲ್ಲ. ನಮ್ಮ ಕಡೆ ಜೂನ್ ಶುರು ಆದ್ರೆ ಗೋಡೆ ಕೆಲಸ ಯಾವಾಗ ಮುಗೀತದೆ ಅಂತ ಯಾರಿಗೆ ಗೊತ್ತು! ಅದ್ಕೇ "ಶೆಡ್ಡಲ್ಲಿ ರೆಡಿ ಆದಾಗ" ಅಂತಲೇ ಬರೀಬೇಕು. ಕೊನೇ ಕಂತಿಗೂ "ರೆಡಿ ಅಂತ ತಿಳಿಸಿ 30 ದಿನ ಆದ್ರೂ ನಿಮ್ಮ ಕಡೆಯಿಂದ ಕೂರಿಸೋಕೆ ಆಗದಿದ್ರೆ ಬಾಕಿ ಆಗ ಕೊಡೋದು, ಕೂರಿಸೋದು ಆಮೇಲೆ" ಅಂತ ಒಂದು ಸಾಲು ಹಾಕಿ.

ಕೇಳೋದು ಫೋನಲ್ಲಿ ಬೇಡ, ಮಾತಾಡಿದ್ದು ಗಾಳಿಗೆ ಹೋಗ್ತದೆ. ಮಾತಾಡಿ ಇಟ್ಟ ತಕ್ಷಣ ವಾಟ್ಸಾಪಲ್ಲಿ ಹೀಗೆ ಹಾಕಿ:

"ನಮಸ್ಕಾರ ಸರ್. ಡ್ರಾಯಿಂಗ್ ಕಳಿಸಿದ್ದೇನೆ, ಅಳತೆ ಕೆತ್ತನೆ ಎರಡೂ ನೋಡಿ ಓಕೆ ಅಂತ ಬರೀರಿ. ಮರ ನಿಮ್ಮ ಅಳತೆಗೇ ಕೊಯ್ಸೋದು, ಬೇರೆಯವರಿಗೆ ಆಗೋದಿಲ್ಲ, ಹಾಗಾಗಿ ಮೊದಲ ಕಂತು 60,000 ಬಂದ ದಿನ ಮರ ತರ್ತೇನೆ, ಬಿಲ್ಲೂ ಮರದ ಫೋಟೋನೂ ಕಳಿಸ್ತೇನೆ. ಉಳಿದ ಕಂತು ಕೆಳಗಿದೆ. ಒಂದೊಂದು ಹಂತಕ್ಕೂ ಫೋಟೋ ಕಳಿಸಿ 5 ದಿನದೊಳಗೆ ಕಂತು ಬರ್ಬೇಕು. ತಡ ಆದಷ್ಟು ದಿನ ಕೊಡೋ ತಾರೀಕೂ ಮುಂದೆ ಹೋಗ್ತದೆ. ಓಕೆ ಆದ ಮೇಲೆ ಡಿಸೈನ್ ಬದಲಾದ್ರೆ ಅದರ ರೇಟು ಬೇರೆ."

ಇದರಲ್ಲಿ ಕೆಲಸ ಮಾಡೋ ಸಾಲು ತಾರೀಕು ಮುಂದೆ ಹೋಗ್ತದೆ ಅನ್ನೋದು. ಗೃಹಪ್ರವೇಶಕ್ಕೆ ಮುಹೂರ್ತ ಇಟ್ಟವರಿಗೆ ಅದೊಂದೇ ತಲೆಗೆ ಹತ್ತೋದು, ಬಡ್ಡಿ ಹಾಕ್ತೇನೆ ಅಂದ್ರೆ ಯಾರೂ ಕೇಳೋದಿಲ್ಲ. ಆದ್ರೆ ಕಂತು ಬರದೆ ನೀವು ಮುಂದಿನ ಹಂತ ಶುರು ಮಾಡಿದ್ರೋ, ಆಮೇಲೆ ಆ ಸಾಲಿಗೆ ಬೆಲೆ ಇಲ್ಲ. ಫೋಟೋ ಕಳಿಸಿ ಉಳಿ ಕೆಳಗಿಡಿ, ಬೇರೆ ಕೆಲಸ ಹಿಡೀರಿ.

"ಅಡ್ವಾನ್ಸ್ ವಾಪಸ್ ಇಲ್ಲ" ಅಂತ ದೊಡ್ಡದಾಗಿ ಬರೆದ್ರೆ ಸಾಕು ಅನ್ಕೊಳ್ತಾರೆ ಹಲವರು. ಸಾಲದು. 1872ರ ಕಾಂಟ್ರಾಕ್ಟ್ ಕಾಯ್ದೆ 74ನೇ ಕಲಮಿನ ಪ್ರಕಾರ ಮಾತು ತಪ್ಪಿದವರಿಂದ ಸಿಗೋದು ನ್ಯಾಯವಾದ ಪರಿಹಾರ ಅಷ್ಟೇ, ಬರೆದ ಮೊತ್ತ ಅದಕ್ಕೆ ಮಿತಿ, ಪೂರ್ತಿ ನುಂಗೋಕೆ ಪರವಾನಗಿ ಅಲ್ಲ. ಹಾಗಾಗಿ "ಮರ ಕೊಯ್ದ ಮೇಲೆ ಬೇಡ ಅಂದ್ರೆ ಮರದ ಬಿಲ್ಲು, ಕೊಯ್ಸಿದ ಖರ್ಚು, ಆಗಿರೋ ಕೂಲಿ ಹಿಡ್ಕೊಂಡು ಉಳಿದಿದ್ದು ವಾಪಸ್" ಅಂತ ಬರೀರಿ, ಬಿಲ್ಲು ಜೋಪಾನ ಇಡಿ. ಹೀಗೆ ಬರೆದ್ರೆ ಪಾರ್ಟಿಯೂ ಬೇಗ ಒಪ್ತಾರೆ. ಮತ್ತೆ ಕ್ಯಾಶ್ ವಿಷಯ, ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಜಾಸ್ತಿ ನಗದು ತಗೊಳ್ಳೋದು ಇನ್‌ಕಮ್ ಟ್ಯಾಕ್ಸ್ ಪ್ರಕಾರ ತಪ್ಪು, ಕಂತು ಮಾಡಿ ತಗೊಂಡ್ರೂ ಅಷ್ಟೇ. ನಿಮ್ಮದು ಅದರೊಳಗಿದೆ, ಆದ್ರೂ ಬ್ಯಾಂಕಿಗೇ ಹಾಕ್ಸಿ, ಕಂತಿನ ಹೆಸರು ಬರೆಸಿ.

ಮರ ಅವರದ್ದೇ ಆದ್ರೆ (ನಮ್ಮ ಕಡೆ ಮನೆ ಹಿಂದಿನ ಹಲಸಿನ ಮರ ಕಡಿಸಿ ಇಟ್ಟವರು ಸುಮಾರು ಜನ) ಲೆಕ್ಕ ಬೇರೆ. ಆಗ ಮೊದಲ ಕಂತು ಕೂಲಿಗೆ ಮಾತ್ರ, ಸಣ್ಣದು ಸಾಕು. ಆದ್ರೆ ಕೊಯ್ದಾಗ ಒಳಗೆ ಟೊಳ್ಳು ಬಂದ್ರೆ ಹೊಸ ಮರ ಯಾರದ್ದು ಅಂತ ಮಿಲ್ಲಿಗೆ ಹೋಗೋ ಮೊದ್ಲೇ ಬರೆಸ್ಕೊಳ್ಳಿ. ನಿಮಗೆ ಜಿಎಸ್‌ಟಿ ನೋಂದಣಿ ಇದ್ರೆ ಇನ್ನೊಂದು, ನಿಮ್ಮ ಮರದಲ್ಲಿ ಮಾಡಿ ಮಾರಿದ್ರೆ ಅದು ಸರಕು, 2017ರ ನವೆಂಬರಿಂದ ಅಡ್ವಾನ್ಸ್ ಮೇಲೆ ಟ್ಯಾಕ್ಸ್ ಇಲ್ಲ, ಇನ್‌ವಾಯ್ಸ್ ಹೊತ್ತಿಗೆ ಕಟ್ಟಿದ್ರಾಯ್ತು. ಅವರ ಮರಕ್ಕೆ ಕೂಲಿ ಮಾಡಿದ್ರೆ ಅದು ಸೇವೆ, ಅಡ್ವಾನ್ಸ್ ಬಂದಾಗ್ಲೇ ಲೆಕ್ಕ. ಕೂರಿಸೋದೂ ಸೇರಿರೋದ್ರಿಂದ ನಿಮ್ಮ ಆಡಿಟರಿಗೆ ಒಂದ್ಸಲ ಕೇಳಿ.

ಇಷ್ಟಾದ್ರೂ "ಮುಗಿಲಿ ಕೊಡ್ತೇನೆ" ಅಂತಲೇ ಕೂತ್ರೆ, ನಿಮ್ಮ ಮೇಲೆ ನಂಬಿಕೆ ಇಲ್ಲದೆ ಇರ್ಬಹುದು, ದೂರದಲ್ಲಿದ್ದಾರೆ ಪಾಪ. ಹಾಗಾದ್ರೆ ಮರದ ದುಡ್ಡು ನನಗೆ ಬೇಡ, ನೀವೇ ನೇರ ಮಿಲ್ಲಿನ ಖಾತೆಗೆ ಹಾಕಿ, ಬಿಲ್ಲು ನಿಮ್ಮ ಹೆಸರಲ್ಲೇ ಬರ್ಲಿ, ಅಷ್ಟು ಕಳೆದು ಉಳಿದಿದ್ದನ್ನ ಮಾತ್ರ ನನಗೆ ಕಂತಲ್ಲಿ ಕೊಡಿ ಅಂತ ಹೇಳಿ ನೋಡಿ. ಸುಮಾರು ಜನ ಇದಕ್ಕೆ ಒಪ್ತಾರೆ. ಇದಕ್ಕೂ ಒಪ್ಪದವರ ಹತ್ರ ದುಡ್ಡಿಲ್ಲ ಅಂತ ತಿಳ್ಕೊಂಡು ಆ ಆರ್ಡರ್ ಬಿಡಿ.