ಹಳೇ ಮುರಿತದ ಜಾಗದಲ್ಲಿ ಕೀವು: ಮೂಳೆ ಸೋಂಕಿಗೆ ಆ್ಯಂಟಿಬಯೋಟಿಕ್ ಎಷ್ಟು ದಿನ?

"ನಮ್ಮಣ್ಣ ಮೂಡಿಗೆರೆ ಹತ್ರ ತೋಟದಲ್ಲಿ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದರು. ಮೊಳಕಾಲ ಕೆಳಗೆ ಮೂಳೆ ಮುರಿದು ಹೊರಗೆ ಬಂದಿತ್ತು, ಪ್ಲೇಟ್ ಹಾಕಿದರು. ಎರಡು ವರ್ಷ ಆಯ್ತು. ಈಗ ಅಲ್ಲೊಂದು ತೂತಲ್ಲಿ ಕೀವು ಬರುತ್ತೆ. ಹತ್ತು ದಿನ ಮಾತ್ರೆ ತಗೊಂಡರೆ ಒಣಗುತ್ತೆ, ಆಮೇಲೆ ಮತ್ತೆ ಶುರು. ಆಸ್ಟಿಯೋಮೈಲೈಟಿಸ್, ಅಂದ್ರೆ ಮೂಳೆ ಸೋಂಕು ಅಂದಿದ್ದಾರೆ. ಶುಗರ್ ಇದೆ, ಬೀಡಿ ಸೇದ್ತಾರೆ. ಎಷ್ಟು ತಿಂಗಳು ಮಾತ್ರೆ ತಗೋಬೇಕು?"

ನಾನು ಹಾಸನದಲ್ಲಿ ಮೂಳೆ ಡಾಕ್ಟರ್. ಇಂಥ ಕಾಲುಗಳು ನಮ್ಮಲ್ಲಿಗೆ ಬರುತ್ತಲೇ ಇರುತ್ತವೆ. ನಿಮ್ಮಣ್ಣನ ಸೋಂಕು ಬರೀ ಮಾತ್ರೆಗೆ ವಾಸಿಯಾಗುವುದು ತೀರಾ ಅಪರೂಪ, ಎಷ್ಟು ತಿಂಗಳು ನುಂಗಿದರೂ ಅಷ್ಟೇ. ಔಷಧಿ ರಕ್ತದ ಜೊತೆ ಹೋಗುತ್ತದೆ. ಸೋಂಕಿನಲ್ಲಿ ಸತ್ತುಹೋದ ಮೂಳೆ ಚೂರಿಗೆ ರಕ್ತವೇ ಹರಿಯುವುದಿಲ್ಲ. ಪ್ಲೇಟಿನ ಮೇಲಂತೂ ಬ್ಯಾಕ್ಟೀರಿಯಾ ಲೋಳೆಯಂಥ ಪೊರೆ ಕಟ್ಟಿಕೊಂಡು ಕೂತಿರುತ್ತದೆ. ಮಾತ್ರೆ ಸುತ್ತಲಿನ ಮಾಂಸದ ಸೋಂಕನ್ನು ಇಳಿಸುತ್ತದೆ, ತೂತು ಮುಚ್ಚುತ್ತದೆ. ಬೇರು ಒಳಗೇ ಇರುತ್ತದೆ.

ಆದ್ದರಿಂದ ಮೊದಲು ನೋಡುವುದು ಮೂಳೆಯಲ್ಲಿ ಎಷ್ಟು ದೂರ ಹರಡಿದೆ ಎಂದು. ಸಿಯರ್ನಿ–ಮೇಡರ್ ಎಂಬ ವಿಂಗಡಣೆಯಲ್ಲಿ ನಾಲ್ಕು ಹಂತಗಳಿವೆ. ಒಂದನೆಯದು ಮಜ್ಜೆಯೊಳಗೆ ಮಾತ್ರ, ಎರಡನೆಯದು ಮೂಳೆಯ ಮೇಲ್ಮೈಯಲ್ಲಿ. ಮೂರನೆಯದರಲ್ಲಿ ಒಂದು ಕಡೆ ಆಳಕ್ಕೆ ಇಳಿದಿದ್ದರೂ, ಆ ಭಾಗ ಕೆತ್ತಿ ತೆಗೆದರೆ ಉಳಿದ ಮೂಳೆ ಗಟ್ಟಿಯಾಗಿ ನಿಲ್ಲುತ್ತದೆ. ನಾಲ್ಕನೆಯದರಲ್ಲಿ ತೆಗೆದರೆ ಕಾಲೇ ನಿಲ್ಲುವುದಿಲ್ಲ, ಮೂಳೆಯನ್ನು ಮತ್ತೆ ಕಟ್ಟಬೇಕು. ಇದರ ಜೊತೆಗೆ ರೋಗಿಗೂ ಎ, ಬಿ, ಸಿ ಎಂಬ ದರ್ಜೆ ಇದೆ. ಶುಗರ್, ಬೀಡಿ ಎರಡೂ ಇರುವ ನಿಮ್ಮಣ್ಣ ಬಿ. ಅಂದರೆ ಗಾಯ ಮಾಯುವ ಶಕ್ತಿ ಕಮ್ಮಿ. ಮುರಿತ ಕೂಡಿಕೊಂಡಿದ್ದರೆ ಅವರದು ಬಹುಶಃ ಮೂರನೇ ಹಂತ, ಆದರೆ ಅದನ್ನು ಸ್ಕ್ಯಾನ್ ನೋಡಿಯೇ ಹೇಳಬೇಕು.

ಸೋಂಕು ಹೊಸದಾದರೆ ಎಕ್ಸ್‌ರೇಯಲ್ಲಿ ಮೊದಲ ಹತ್ತು–ಹದಿನಾಲ್ಕು ದಿನ ಏನೂ ಕಾಣದೇ ಇರಬಹುದು. ಆಗ ಎಂಆರ್‌ಐ ಬೇಕು, ಮಜ್ಜೆಯ ಊತ ಅದರಲ್ಲಿ ಬೇಗ ಕಾಣುತ್ತದೆ. ನಿಮ್ಮದು ಹಳೇ ಕೇಸು, ಎಕ್ಸ್‌ರೇಯೇ ಬೇಕಾದಷ್ಟು ಹೇಳುತ್ತದೆ: ಸ್ಕ್ರೂ ಸುತ್ತ ಕಪ್ಪು ಗೆರೆ, ಮೂಳೆಯ ಹೊರಪದರ ದಪ್ಪಗಾಗಿರುವುದು, ನಡುವೆ ಬಿಳಿಚಿಕೊಂಡ ಒಂಟಿ ಚೂರು. ಆ ಸತ್ತ ಚೂರಿಗೆ ಸೀಕ್ವೆಸ್ಟ್ರಮ್ ಎನ್ನುತ್ತೇವೆ. ಅದನ್ನು ಹುಡುಕುವುದಕ್ಕೂ ಮುರಿತ ಕೂಡಿದೆಯಾ ಎಂದು ನೋಡುವುದಕ್ಕೂ ಸಿಟಿ ಸ್ಕ್ಯಾನ್ ಒಳ್ಳೆಯದು. ಪ್ಲೇಟ್ ಇರುವ ಜಾಗದಲ್ಲಿ ಎಂಆರ್‌ಐ ಚಿತ್ರ ಕಲಸಿಹೋಗುತ್ತದೆ.

ಯಾವ ಬ್ಯಾಕ್ಟೀರಿಯಾ ಅನ್ನುವಲ್ಲಿ ಜಾಸ್ತಿ ಜನ ಎಡವುತ್ತಾರೆ. ತೂತಿನಿಂದ ಕೀವು ಒರೆಸಿ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸುತ್ತಾರೆ, ಬಂದ ರಿಪೋರ್ಟ್ ನಂಬಿ ಔಷಧಿ ಬರೆಯುತ್ತಾರೆ. ಆ ತೂತಿನಲ್ಲಿ ಚರ್ಮದ ಮೇಲಿನದ್ದೆಲ್ಲ ಬೆಳೆಯುತ್ತದೆ. ಬೇಲೂರು ಕಡೆಯ ಒಬ್ಬರಿಗೆ ಹೊರಗಿನ ಕೀವಿನಲ್ಲಿ ಸ್ಯೂಡೊಮೊನಾಸ್ ಬಂದಿತ್ತು, ಆಪರೇಷನ್‌ನಲ್ಲಿ ಒಳಗಿಂದ ತೆಗೆದ ಮೂಳೆಯಲ್ಲಿ ಸ್ಟೆಫೈಲೊಕಾಕಸ್ ಆರಿಯಸ್. ಎರಡಕ್ಕೂ ಔಷಧಿಯೇ ಬೇರೆ. ಮೂಳೆ ಸೋಂಕಿನಲ್ಲಿ ಈ ಆರಿಯಸ್ಸೇ ಎಲ್ಲಕ್ಕಿಂತ ಸಾಮಾನ್ಯ. ಆದರೆ ಮಣ್ಣಲ್ಲಿ ಬಿದ್ದು ಹೊರಬಂದ ಮೂಳೆಯಲ್ಲಿ ಸ್ಯೂಡೊಮೊನಾಸ್‌ನಂಥವೂ ನಿಜವಾಗಿ ಇರಬಹುದು. ಊಹೆ ಮಾಡುವ ಹಾಗಿಲ್ಲ. ಜ್ವರ, ಊತ ಇಲ್ಲದಿದ್ದರೆ ಡಾಕ್ಟರನ್ನು ಕೇಳಿ ಆಪರೇಷನ್‌ಗೆ ಎರಡು ವಾರ ಮುಂಚೆ ಆ್ಯಂಟಿಬಯೋಟಿಕ್ ನಿಲ್ಲಿಸಬೇಕು, ಇಲ್ಲದಿದ್ದರೆ ಏನೂ ಬೆಳೆಯದೆ ಹೋಗಬಹುದು. ಒಳಗೆ ಬೇರೆ ಬೇರೆ ಕಡೆಯಿಂದ ಐದು ಮಾದರಿ ತೆಗೆಯುತ್ತೇವೆ. ಎರಡು ಮೂರರಲ್ಲಿ ಒಂದೇ ಬ್ಯಾಕ್ಟೀರಿಯಾ ಬಂದರೆ ಅದೇ ಕಳ್ಳ. ನಮ್ಮ ದೇಶದಲ್ಲಿ ಟಿಬಿ ಪರೀಕ್ಷೆಗೂ ಒಂದು ಚೂರು ಕಳಿಸಲೇಬೇಕು.

ಈಗ ದಿನದ ಲೆಕ್ಕ. ಮುರಿತ ಕೂಡಿದ್ದರೆ ಪ್ಲೇಟ್, ಸ್ಕ್ರೂ, ಸತ್ತ ಚೂರು ಎಲ್ಲ ತೆಗೆದು, ಕೊನೆಯ ಸಲ ಸ್ವಚ್ಛ ಮಾಡಿದ ದಿನದಿಂದ ಸಾಮಾನ್ಯವಾಗಿ ಆರು ವಾರ. ಅದಕ್ಕೆ ಮುಂಚೆ ನುಂಗಿದ ಮಾತ್ರೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಆರೂ ವಾರ ಇಂಜೆಕ್ಷನ್ನೇ ಬೇಕೆಂದು ಹೆದರಬೇಡಿ. ಬ್ರಿಟನ್ನಿನ 26 ಆಸ್ಪತ್ರೆಗಳಲ್ಲಿ ನಡೆದ ಓವಿವಾ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲ ವಾರದೊಳಗೆ ಸರಿಯಾದ ಮಾತ್ರೆಗೆ ಬದಲಾದವರೂ ಇಂಜೆಕ್ಷನ್ ಪಡೆದವರೂ ಒಂದು ವರ್ಷದ ನಂತರ ಹೆಚ್ಚುಕಮ್ಮಿ ಒಂದೇ ಥರ ಇದ್ದರು. ಎರಡೂ ಕಡೆ ನೂರಕ್ಕೆ ಹದಿಮೂರು–ಹದಿನೈದು ಜನಕ್ಕೆ ಸೋಂಕು ವಾಸಿಯಾಗಿರಲಿಲ್ಲ, ಅದೂ ಗೊತ್ತಿರಲಿ. ಮಾತ್ರೆ ಯಾವುದು ಎನ್ನುವುದು ಕಲ್ಚರ್ ಮೇಲೆ ನಿಂತಿದೆ. ರಿಫಾಂಪಿಸಿನ್ ಎಂಬ ಆ್ಯಂಟಿಬಯೋಟಿಕ್ ಒಂದನ್ನೇ ಯಾವತ್ತೂ ಕೊಡಬಾರದು, ಕೆಲವೇ ದಿನದಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದ ಹಾಗೆ ಆಗುತ್ತದೆ.

ಮುರಿತ ಇನ್ನೂ ಕೂಡಿಲ್ಲದೆ, ಪ್ಲೇಟ್ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಲೆಕ್ಕ ಬೇರೆ. ಕೆಲವೊಮ್ಮೆ ಕೂಡುವ ತನಕ ಮಾತ್ರೆಯಿಂದ ಸೋಂಕನ್ನು ಹಿಡಿದಿಟ್ಟು, ಆಮೇಲೆ ಪ್ಲೇಟ್ ತೆಗೆಯುತ್ತೇವೆ. ಅದು ಮೂರು ತಿಂಗಳೋ ಇನ್ನೂ ಜಾಸ್ತಿಯೋ ಆಗಬಹುದು. ಆಗ ಲಿವರ್, ಕಿಡ್ನಿ ರಕ್ತಪರೀಕ್ಷೆ ಆಗಾಗ ಮಾಡಿಸುತ್ತಿರಬೇಕು.

ಆ್ಯಂಟಿಬಯೋಟಿಕ್ ನಿಲ್ಲಿಸುವುದನ್ನು ಸ್ಕ್ಯಾನ್ ನೋಡಿ ತೀರ್ಮಾನಿಸುವುದಿಲ್ಲ. ಆಪರೇಷನ್ ಆದ ಮೇಲೆ ಎಂಆರ್‌ಐ ತಿಂಗಳುಗಟ್ಟಲೆ ಕೆಟ್ಟದಾಗಿಯೇ ಕಾಣಬಹುದು. ಗಾಯ ಒಣಗಿದೆಯಾ, ನೋವು ಇಳಿದಿದೆಯಾ, ರಕ್ತದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ಇಳಿಯುತ್ತಿದೆಯಾ, ಇಷ್ಟು ನೋಡುತ್ತೇವೆ. ಆರು ವಾರ ಮುಗಿದ ಮೇಲೂ ಕೀವು ಬಂದರೆ ಇನ್ನೂ ಆರು ವಾರ ಬರೆಸಿಕೊಂಡು ಸುಮ್ನೆ ಬರಬೇಡಿ. ಒಳಗೆ ಸತ್ತ ಚೂರು ಉಳಿದಿದೆಯಾ ಎಂದು ಕೇಳಿ, ಮತ್ತೆ ಸಿಟಿ ಮಾಡಿಸಿ.

ಬೀಡಿಯನ್ನು ಮಾತ್ರ ಆಪರೇಷನ್‌ಗೆ ಮುಂಚೆಯೇ ಬಿಡಿಸಿ, ಶುಗರ್ ಹಿಡಿತಕ್ಕೆ ತನ್ನಿ. ಮೊಳಕಾಲ ಕೆಳಗೆ ಮುಂಭಾಗದಲ್ಲಿ ಮೂಳೆಯ ಮೇಲೆ ಮಾಂಸವೇ ಇಲ್ಲ, ಅಲ್ವಾ? ಹೊಲಿಗೆ ಬಿಟ್ಟುಕೊಂಡರೆ ಮೂಳೆ ಮತ್ತೆ ಬಯಲಿಗೆ ಬೀಳುತ್ತದೆ. ಆಗ ಪ್ಲಾಸ್ಟಿಕ್ ಸರ್ಜನ್ ಬಂದು ಬೇರೆ ಕಡೆಯ ಮಾಂಸ ತಂದು ಮುಚ್ಚಬೇಕಾಗುತ್ತದೆ.