ಟೀ-ಶರ್ಟ್ ಪ್ರಿಂಟಿಂಗ್: ಕನಿಷ್ಠ ಎಷ್ಟು ಪೀಸ್, ಎಷ್ಟು ದಿನ?

ಪ್ರಶ್ನೆ: ಉಪ್ಪಳದಲ್ಲಿ ಟೀ-ಶರ್ಟ್ ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡಿದ್ದೇನೆ. ಒಂದು ವಾರ ನೊಣ ಹೊಡೆಯುವುದು, ಮರುವಾರ ನಿದ್ದೆಯಿಲ್ಲ. ಕನಿಷ್ಠ ಎಷ್ಟು ಪೀಸ್ ಅಂತ ಇಡಲಿ? ಎಷ್ಟು ದಿನ ಬೇಕು ಅಂತ ಹೇಳಲಿ?

ನಾನು ಬದಿಯಡ್ಕದಲ್ಲಿ ಇದೇ ಕೆಲಸ ಮಾಡುತ್ತೇನೆ. ಮೊದಲ ವರ್ಷ "ಕನಿಷ್ಠ 25 ಪೀಸ್" ಅಂತ ಗೋಡೆಗೆ ಅಂಟಿಸಿದ್ದೆ. ಒಂದು ಬಣ್ಣದ 20 ಶರ್ಟು ಕೇಳಿ ಬಂದವರನ್ನು ಸುಮ್ನೆ ವಾಪಸ್ ಕಳಿಸಿದೆ. ನಾಲ್ಕು ಬಣ್ಣದ 25 ಶರ್ಟು ಒಪ್ಪಿಕೊಂಡು ಕೈಯಿಂದ ದುಡ್ಡು ಹಾಕಿದೆ. ಎಲ್ಲರಿಗೂ ಒಂದೇ ಸಂಖ್ಯೆ ಇಟ್ಟದ್ದೇ ತಪ್ಪು.

ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕಲ್ವಾ? ಫಿಲ್ಮ್ ತೆಗೆಯುವುದು, ಎಮಲ್ಷನ್ ಹಚ್ಚಿ ಒಣಗಿಸುವುದು, ಲೈಟಿಗೆ ಇಟ್ಟು ತೊಳೆಯುವುದು, ಟೇಬಲ್ ಮೇಲೆ ಜೋಡಿಸುವುದು. ಒಂದು ಶರ್ಟಿಗಾದರೂ ನೂರಕ್ಕಾದರೂ ಈ ಕೆಲಸ ಅಷ್ಟೇ. ನಮ್ಮಲ್ಲಿ ಕೂಲಿ ಸೇರಿ ಒಂದು ಸ್ಕ್ರೀನಿಗೆ ಸುಮಾರು ₹400 ಬೀಳುತ್ತದೆ. ಒಂದು ಬಣ್ಣದ ಪ್ರಿಂಟಿಗೆ ನಾವು ಪೀಸಿಗೆ ₹40 ತೆಗೆದುಕೊಳ್ಳುತ್ತೇವೆ, ಶರ್ಟಿನ ಬೆಲೆ ಬೇರೆ. ಅದರಲ್ಲಿ ಇಂಕು, ಕೂಲಿ ಎಲ್ಲ ₹12 ಹೋಗಿ ₹28 ಉಳಿಯುತ್ತದೆ. 400ನ್ನು 28ರಿಂದ ಭಾಗಿಸಿದರೆ 15 ಪೀಸಿಗೆ ಸ್ಕ್ರೀನಿನ ಖರ್ಚು ಹುಟ್ಟಿತು. ಮೂರು ಬಣ್ಣಕ್ಕೆ ₹70 ತೆಗೆದುಕೊಂಡು ₹25 ಖರ್ಚಾಗುತ್ತದೆ, ಉಳಿಯುವುದು ₹45. ಸ್ಕ್ರೀನಿಗೆ ₹1200 ಆದ್ದರಿಂದ 27 ಪೀಸ್ ಬೇಕು. ಹಾಗಾಗಿ ನಮ್ಮಲ್ಲಿ ಈಗ ಒಂದು ಬಣ್ಣಕ್ಕೆ 20, ಮೂರು ಬಣ್ಣಕ್ಕೆ 35. ನಿಮ್ಮ ರೇಟು ಹಾಕಿ ಇದೇ ಲೆಕ್ಕ ಮಾಡಿ.

ಈ ಸಂಖ್ಯೆ ಒಂದು ಡಿಸೈನಿಗೆ. ಸೈಜ್ ಎಷ್ಟು ಬೇಕಾದರೂ ಬೆರೆಸಲಿ, ತೊಂದರೆ ಇಲ್ಲ. ಆದರೆ "ಅರ್ಧ ಬಿಳಿ, ಅರ್ಧ ಕಪ್ಪು ಶರ್ಟು ಕೊಡಿ" ಅಂದರೆ ಹುಷಾರು. ಕಪ್ಪಿನ ಮೇಲೆ ಬಣ್ಣ ಎದ್ದು ಕಾಣಲು ಅಡಿಗೆ ಬಿಳಿ ಹೊಡೆಯಬೇಕು. ಅದಕ್ಕೆ ಇನ್ನೊಂದು ಸ್ಕ್ರೀನ್. ನಾನು ಅದನ್ನು ಒಂದು ಬಣ್ಣ ಅಂತಲೇ ಎಣಿಸುತ್ತೇನೆ.

ಕಡಿಮೆ ಬೇಕೆಂದವರಿಗೆ ಆಗುವುದಿಲ್ಲ ಅನ್ನಬೇಡಿ. ಸ್ಕ್ರೀನಿನ ದುಡ್ಡು ಬೇರೆಯಾಗಿ ಕೊಟ್ಟರೆ 8 ಪೀಸೂ ಮಾಡುತ್ತೇನೆ. ಹೆಚ್ಚಿನವರು ಅದನ್ನು ಕೇಳಿ, ಸ್ಕ್ರೀನಿಲ್ಲದೆ ಫಿಲ್ಮಿನಲ್ಲಿ ಪ್ರಿಂಟ್ ತೆಗೆದು ಬಿಸಿಯಲ್ಲಿ ಶರ್ಟಿಗೆ ಅಂಟಿಸುವ ಡಿಟಿಎಫ್‌ಗೆ ಹೋಗುತ್ತಾರೆ. ಹೋಗಲಿ, ನಾಲ್ಕೈದು ಶರ್ಟಿಗೆ ಅದೇ ಸರಿ.

ಇನ್ನು ದಿನದ ವಿಷಯ. ಶರ್ಟಿನ ಲೆಕ್ಕದಲ್ಲಿ ದಿನ ಹೇಳಬೇಡಿ, ಸ್ಕ್ರೀನಿನ ಲೆಕ್ಕದಲ್ಲಿ ಹೇಳಿ. ಒಂದು ಬಣ್ಣದ 100 ಶರ್ಟಿಗಿಂತ ನಾಲ್ಕು ಬಣ್ಣದ 30 ಶರ್ಟು ಟೇಬಲನ್ನು ಜಾಸ್ತಿ ಹೊತ್ತು ಹಿಡಿಯುತ್ತದೆ. ನಾವು ಇಬ್ಬರು ಸೇರಿ ದಿನಕ್ಕೆ 6 ಸ್ಕ್ರೀನ್, ಆರು ದಿನಕ್ಕೆ 36. ಅದರಲ್ಲಿ 28 ಮಾತ್ರ ಮೊದಲೇ ಬುಕ್ ಮಾಡುತ್ತೇನೆ. ಉಳಿದ 8 ಅರ್ಜೆಂಟಿನವರಿಗೆ, ಅರ್ಧ ಪಾಲು ಜಾಸ್ತಿ ರೇಟಿಗೆ. ಬುಧವಾರ ಸಂಜೆಯವರೆಗೂ ಯಾರೂ ಬಾರದಿದ್ದರೆ ಮುಂದಿನ ವಾರದ ಕೆಲಸವನ್ನು ಅಲ್ಲಿಗೆ ಎಳೆಯುತ್ತೇನೆ. ಎಂಟೂ ತುಂಬಿದ ಮೇಲೆ ನೆಂಟರು ಬಂದರೂ ಇಲ್ಲ. ಜಾತ್ರೆ, ಬ್ರಹ್ಮಕಲಶದ ಸಮಯದಲ್ಲಿ ಇದನ್ನು ಪಾಲಿಸುವುದು ಕಷ್ಟವೇ.

ಗಿರಾಕಿಗೆ ಹೇಳುವ ದಿನವನ್ನು ಹಳೆಯ ಆರ್ಡರುಗಳಿಂದ ತೆಗೆಯಿರಿ. ನಾನು 20 ಆರ್ಡರ್ ಬರೆದಿಟ್ಟು ನೋಡಿದೆ. ಸರಾಸರಿ 5 ದಿನ ಬಂತು. ಆದರೆ 5 ದಿನ ಅಂತ ಹೇಳಿದ್ದರೆ ಎಂಟು ಜನರಿಗೆ ಮಾತು ತಪ್ಪುತ್ತಿತ್ತು. 18 ಆರ್ಡರ್ 8 ದಿನದೊಳಗೆ ಮುಗಿದಿದ್ದವು. ಹಾಗಾಗಿ 8 ಅಂತ ಹೇಳುತ್ತೇನೆ.

ಆ ಎಂಟು ದಿನ ಯಾವಾಗಿಂದ? ಫೋನ್ ಮಾಡಿದ ದಿನದಿಂದ ಅಲ್ಲ. ಅರ್ಧ ಅಡ್ವಾನ್ಸ್, ಸೈಜ್ ಪಟ್ಟಿ, ಡಿಸೈನಿಗೆ ವಾಟ್ಸಾಪಿನಲ್ಲಿ ಬರೆದ ಒಪ್ಪಿಗೆ, ಮೂರೂ ಕೈಗೆ ಬಂದ ಮರುದಿನದಿಂದ. ಬಾಯಿಮಾತಿನ ಒಪ್ಪಿಗೆ ನಂಬಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಒಂದು ಕ್ಲಬ್ಬಿನ 60 ಶರ್ಟು, ಎದುರು ಕನ್ನಡ, ಬೆನ್ನಿಗೆ ಮಲಯಾಳ. ನನ್ನ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ ಮಲಯಾಳದ ಸಂಯುಕ್ತಾಕ್ಷರ ಒಡೆದಿತ್ತು. ಕನ್ನಡ ಓದಿ ಹೇಳಿದೆ, ಮಲಯಾಳ ಯಾರೂ ನೋಡಲಿಲ್ಲ. ನಷ್ಟ ನನ್ನದೇ. ಈಗ ಅಕ್ಷರಗಳನ್ನು ಕರ್ವ್ ಮಾಡಿ, ಚಿತ್ರವಾಗಿ ಕಳಿಸುತ್ತೇನೆ.

ಸ್ಟಾಕಿನಲ್ಲಿ ಇಲ್ಲದ ಬಣ್ಣದ ಶರ್ಟಾದರೆ ತಿರುಪ್ಪೂರಿನ ಪಾರ್ಸೆಲ್ ಬಂದ ಮೇಲೆ ಎಣಿಕೆ. ಮಳೆಗಾಲದಲ್ಲಿ 2 ದಿನ ಸೇರಿಸಿ. ನಮ್ಮ ಜೂನ್-ಜುಲೈ ತೇವಕ್ಕೆ ಎಮಲ್ಷನ್ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮುಟ್ಟಿದರೆ ಒಣಗಿದಂತೆ ಇರುತ್ತದೆ, ತೊಳೆಯುವಾಗ ಡಿಸೈನಿನ ಅಂಚು ಜಾರಿ ಹೋಗುತ್ತದೆ.

ಕಳೆದ ವಾರ ಗುರುವಾರ ಒಬ್ಬರು ಭಾನುವಾರದ ವಾಲಿಬಾಲಿಗೆ ಮೂರು ಬಣ್ಣದ 40 ಶರ್ಟು ಕೇಳಿದರು. ಅರ್ಜೆಂಟಿನ ಜಾಗದಲ್ಲಿ ಒಂದೇ ಸ್ಕ್ರೀನ್ ಉಳಿದಿತ್ತು. "ಒಂದೇ ಬಣ್ಣಕ್ಕೆ ಇಳಿಸಿದರೆ ಶನಿವಾರ ಸಂಜೆ ಕೊಡುತ್ತೇನೆ" ಅಂದೆ. ಸ್ವಲ್ಪ ಗೊಣಗಿದರು, ಮತ್ತೆ ಒಪ್ಪಿದರು.