ಅಪ್ಪ ಪಾಳಿ ಹಿಡಿದ, ನಾನು ಕೌಂಟರ್ ಸುತ್ತಿದೆ

ಪ್ರಶ್ನೆ: ನಮ್ಮ ಮನೇಲಿ ಯಾರೂ ಕಾಲೇಜಿಗೆ ಹೋದವರಲ್ಲ. ಡಿಗ್ರಿ ಅಡ್ಮಿಷನ್‌ಗೆ ಎಲ್ಲೆಲ್ಲಿ ಹೋಗ್ಬೇಕು, ಒಂದೇ ದಿನಕ್ಕೆ ಮುಗಿಯುತ್ತಾ? ಅನುಭವ ಇದ್ದವರು ಹೇಳಿ.

ನಾನು 2022ರಲ್ಲಿ ಬಿ.ಕಾಂ. ಸೇರಿದ ದಿನದ ಕತೆ ಹೇಳ್ತೀನಿ. ಬೆಳಿಗ್ಗೆ 9ಕ್ಕೆ ಕಾಲೇಜಿನ ಗೇಟಿನಲ್ಲಿದ್ದೆವು. ಹೊರಗೆ ಬಂದಾಗ ಸಂಜೆ 5 ದಾಟಿತ್ತು. ಒಂದೇ ದಿನಕ್ಕೆ ಮುಗೀತು, ಆದರೆ ಒಂದು ಕಾಗದ ಬಾಕಿ ಉಳೀತು.

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಓದು ಬರೆಯೋದು ಬರಲ್ಲ, ಹೆಬ್ಬೆಟ್ಟು ಒತ್ತುತ್ತಾನೆ. ಹಿಂದಿನ ವಾರ ಸೈಬರ್‌ನಲ್ಲಿ, UUCMS ಅನ್ನೋ ಸರ್ಕಾರಿ ವೆಬ್‌ಸೈಟ್‌ನಲ್ಲಿ ಡಿಗ್ರಿ ಅಡ್ಮಿಷನ್ ಅರ್ಜಿ ತುಂಬಿಸಿದ್ದೆ. ಅದರ ಪ್ರಿಂಟ್, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ, ಜಾತಿ ಆದಾಯ ಪ್ರಮಾಣಪತ್ರ, ಆಧಾರ್, ಆರು ಫೋಟೋ, ಎಲ್ಲದರ ಎರಡೆರಡು ಜೆರಾಕ್ಸ್. ಎಲ್ಲಾ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿತ್ತು. ಕೈಯಲ್ಲಿ ಎಲ್ಲಾ ಇದೆ, ಕೊಟ್ಟು ಬರೋದಷ್ಟೇ ಅಂದುಕೊಂಡಿದ್ದೆ.

ಆಫೀಸ್ ತೆರೆದಿದ್ದು 10ಕ್ಕೆ. ಒಳಗೆ ನಾಲ್ಕು ಸಾಲು. ಯಾವುದು ಮೊದಲು ಅಂತ ಎಲ್ಲೂ ಬರೆದಿರಲಿಲ್ಲ. ಎಲ್ಲಕ್ಕಿಂತ ಉದ್ದ ಇದ್ದ ಸಾಲೇ ಮೊದಲನೆಯದು ಇರಬೇಕು ಅಂತ ಅದರಲ್ಲಿ ನಿಂತೆವು. ಒಂದು ಗಂಟೆ ಹೋಯ್ತು. ಕಿಟಕಿಗೆ ಬಂದರೆ ಅದು ಫೀ ಕೌಂಟರ್.

‘ಪ್ರಿನ್ಸಿಪಾಲರ ಸಹಿ ಎಲ್ಲೈತವ್ವಾ? ಸಹಿ ಇಲ್ದ ಚಲನ್ ಬರಿಯಂಗಿಲ್ಲ’ ಅಂದರು ಒಳಗಿದ್ದವರು.

ಪ್ರಿನ್ಸಿಪಾಲರ ಕೋಣೆಗೆ ಹೋದೆ. ಬಾಗಿಲಲ್ಲಿದ್ದ ಅಟೆಂಡರ್ ಕಾಕಾ ನನ್ನ ಕವರ್ ಕಡೆ ನೋಡಿ, ‘ಪರಿಶೀಲನೆ ಆಗೇತೇನು? ಎಂಟನೇ ರೂಮಿನಾಗ ಮೇಡಂ ಹಸಿರು ಇಂಕಿನ್ಯಾಗ ಸಹಿ ಹಾಕಿರಬೇಕು. ಅದಿಲ್ಲ ಅಂದ್ರ ಸಾಹೇಬ್ರು ನೋಡಂಗಿಲ್ಲ’ ಅಂದರು. ಎಂಟನೇ ರೂಮಿಗೆ ಹೋದೆ. ಅಲ್ಲಿ ಕೇಳಿದ್ದು ಕಾಲೇಜಿನ ಅಡ್ಮಿಷನ್ ಫಾರ್ಮ್. ಸೈಬರ್‌ನಲ್ಲಿ ತೆಗೆಸಿದ ಪ್ರಿಂಟ್ ಸಾಲದು, ಕಾಲೇಜಿನದೇ ಒಂದು ಫಾರ್ಮ್ ಬೇರೆ ಇದೆ. ಅದು ಸಿಗೋದು ಗೇಟಿನ ಪಕ್ಕದ ಸಣ್ಣ ಕಿಟಕಿಯಲ್ಲಿ. ಬೆಳಿಗ್ಗೆ ನಾವು ಒಂದು ಗಂಟೆ ಸುಮ್ನೆ ನಿಂತಿದ್ದು ಅದರ ಎದುರಿಗೇ.

ವಾಪಸ್ ಬಂದು ಅಪ್ಪನಿಗೆ ಹೇಳಿದೆ. ಅಳು ಬರೋ ಹಾಗಿತ್ತು. ಅಪ್ಪ ಇನ್ನೂ ಫೀ ಸಾಲಿನ ಹತ್ತಿರವೇ ನಿಂತಿದ್ದ.

‘ನಾವು ಕಡೀಕಿಂದ ಶುರು ಮಾಡೀವಿ, ಅಷ್ಟ. ನಾ ಇಲ್ಲೇ ಪಾಳಿ ಹಿಡೀತೀನಿ. ನೀ ಹೋಗಿ ಬಾ. ಎಲ್ಲಿ ಹೋದ್ರೂ ಎರಡು ಮಾತು ಕೇಳು. ಇದನ್ನ ತಗೊಂಡು ಮುಂದ ಎಲ್ಲಿ ಹೋಗಬೇಕು, ಅವ್ರು ಏನು ನೋಡ್ತಾರ.’

ಎಪಿಎಂಸಿಯಲ್ಲಿ ಚೀಲ ಇಳಿಯೋದರಿಂದ ದುಡ್ಡು ಕೈಗೆ ಬರೋವರೆಗೆ ಅಪ್ಪ ಎಷ್ಟೋ ಚೀಟಿ ನೋಡಿದ್ದಾನೆ. ಒಂದು ಕಡೆಯ ಚೀಟಿ ಇಲ್ಲದೆ ಇನ್ನೊಂದು ಕಡೆ ಕೆಲಸ ಆಗಲ್ಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತು. ಕಾಲೇಜೂ ಹಾಗೇ ನಡೀತಿತ್ತು. ಆಮೇಲೆ ಪ್ರತಿ ಕಿಟಕಿಯಲ್ಲೂ ಆ ಎರಡು ಮಾತು ಕೇಳಿದೆ. ಯಾರೂ ಸಿಡುಕಲಿಲ್ಲ.

ಫಾರ್ಮ್ ತಗೊಂಡು ಮೆಟ್ಟಿಲ ಮೇಲೆ ಕೂತು ತುಂಬಿದೆ. ಹೆಸರು ಮಾರ್ಕ್ಸ್ ಕಾರ್ಡ್‌ನಲ್ಲಿ ಇದ್ದ ಹಾಗೇ ಬರೆದೆ, ಇನಿಷಿಯಲ್ ಕೂಡ ಅದೇ ಜಾಗದಲ್ಲಿ. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿತ್ತು. ಯಾವುದು ಬರೀಬೇಕು ಅಂತ ಪಕ್ಕದಲ್ಲಿದ್ದ ಎರಡನೇ ವರ್ಷದ ಅಕ್ಕನನ್ನು ಕೇಳಿದ್ದಕ್ಕೆ, ‘ಎಸ್ಸೆಸ್ಸೆಲ್ಸಿ ಕಾರ್ಡ್‌ನ್ಯಾಗ ಇದ್ದದ್ದ ಬರಿ, ಡಿಗ್ರಿ ಕಾರ್ಡ್‌ನ್ಯಾಗೂ ಅದ ಬರ್ತೈತಿ’ ಅಂದಳು.

ಎಂಟನೇ ರೂಮಿನಲ್ಲಿ ಮೇಡಂ ಮೂಲ ಕಾಗದಗಳನ್ನ ಒಂದೊಂದಾಗಿ ಜೆರಾಕ್ಸ್ ಪಕ್ಕ ಇಟ್ಟು ನೋಡಿದರು. ಮಾರ್ಕ್ಸ್ ಕಾರ್ಡ್ ಸರಿ. ಟಿಸಿ ಸರಿ. ಜಾತಿ ಆದಾಯ ಪ್ರಮಾಣಪತ್ರಕ್ಕೆ ಬಂದಾಗ ಪೆನ್ನು ನಿಂತಿತು.

‘ಇದು 2017ರದ್ದು. ಐದು ವರ್ಷಕ್ಕ ಮುಗೀತು. ಹೋದ ತಿಂಗಳೇ ಮುಗದೈತಿ ನೋಡು.’

ನಮ್ಮದು 2ಎ. ನಾನು ಹೈಸ್ಕೂಲಿನಲ್ಲಿದ್ದಾಗ ಮಾಡಿಸಿದ್ದು ಅದು. ಜಾತಿ ಬದಲಾಗಲ್ಲ, ಹಾಗಾಗಿ ಕಾಗದವೂ ಹಳೇದಾಗಲ್ಲ ಅಂದುಕೊಂಡಿದ್ದೆ. ಆದರೆ ಅದೇ ಹಾಳೆಯಲ್ಲಿ ಆದಾಯವೂ ಇದೆ ಅಲ್ವಾ, ಅದಕ್ಕೆ ಐದು ವರ್ಷದ ಲೆಕ್ಕ. ಮೇಲೆ RD ಅಂತ ಶುರುವಾಗುವ ಒಂದು ನಂಬರ್ ಇರುತ್ತೆ. ಸ್ಕಾಲರ್‌ಶಿಪ್ ಅರ್ಜಿಗೂ ಅದೇ ನಂಬರ್ ಹಾಕಬೇಕು. ಅವಧಿ ಮುಗಿದಿದ್ದರೆ ಅಲ್ಲೂ ನಡೆಯಲ್ಲ. ಇವತ್ತು ಹೊಸದು ಇಲ್ಲ ಅಂದರೆ ಜನರಲ್ ಮೆರಿಟ್‌ನಲ್ಲಿ ತಗೋಬೇಕಾಗುತ್ತೆ ಅಂದರು ಮೇಡಂ.

ಎದ್ದು ಹೋಗೋದಾ, ಇರೋದಾ ಗೊತ್ತಾಗದೆ ನಿಂತೆ. ಆಮೇಲೆ ಅಪ್ಪನ ಮಾತು ನೆನಪಾಗಿ ಕೇಳಿದೆ: ‘ಮೇಡಂ, ಇದರ ಬದಲು ಏನು ತಂದ್ರ ನಡೀತೈತಿ?’

‘ಮುಚ್ಚಳಿಕೆ ಬರಕೊಡು’ ಅಂದರು.

ಮುಚ್ಚಳಿಕೆ ಅನ್ನೋ ಪದ ನಾನು ಕೇಳಿದ್ದೇ ಅವತ್ತು. ಬಿಳಿ ಹಾಳೆ ಸಾಕು, ಸ್ಟಾಂಪ್ ಪೇಪರ್ ಬೇಡ ಅಂದರು. ನಾನು ಬರೆದಿದ್ದು ಹೀಗೆ: ‘ನನ್ನ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಹೊಸ ಪ್ರಮಾಣಪತ್ರವನ್ನು 15 ದಿನದೊಳಗೆ ತಂದು ಒಪ್ಪಿಸುತ್ತೇನೆ. ತಪ್ಪಿದಲ್ಲಿ ನನ್ನನ್ನು ಸಾಮಾನ್ಯ ವರ್ಗದಲ್ಲಿ ಪರಿಗಣಿಸಲು ನನ್ನ ಒಪ್ಪಿಗೆ ಇರುತ್ತದೆ.’ ಕೆಳಗೆ ದಿನಾಂಕ, ನನ್ನ ಸಹಿ. ಪೋಷಕರ ಸಹಿ ಅಂತ ಇನ್ನೊಂದು ಗೆರೆ. ಓಡಿ ಹೋಗಿ ಅಪ್ಪನ ಹೆಬ್ಬೆಟ್ಟು ಹಾಕಿಸಿಕೊಂಡು ಬಂದೆ. ಇಂಕ್ ಪ್ಯಾಡ್ ಕೊಟ್ಟಿದ್ದು ಅಟೆಂಡರ್ ಕಾಕಾ. ಇದು ಎಲ್ಲಾ ಕಡೆ ನಡೆಯುತ್ತೆ ಅಂತ ನಂಬಬೇಡಿ. ಅವತ್ತು ಮೇಡಂ ಒಪ್ಪಿದರು. ಬೇರೆಯವರು ಒಪ್ಪದೆಯೂ ಇರಬಹುದಿತ್ತು.

ಮೇಡಂ ಹಸಿರು ಇಂಕಲ್ಲಿ ಸಹಿ ಹಾಕಿದರು. ಆ ಬಣ್ಣ ನೋಡಿದ ಮೇಲೆ ಒಂದು ಅನುಕೂಲ ಆಯ್ತು. ಗೆಜೆಟೆಡ್ ಅಧಿಕಾರಿಗಳು ಬಳಸೋದು ಹಸಿರು ಇಂಕು. ಫಾರ್ಮ್‌ನಲ್ಲಿ ಹಸಿರು ಸಹಿಗೆ ಎರಡು ಜಾಗ ಇದ್ದವು. ಒಂದು ತುಂಬಿತು, ಇನ್ನೊಂದು ಖಾಲಿ. ಎಲ್ಲಿಯವರೆಗೆ ಬಂದಿದ್ದೀನಿ ಅಂತ ಯಾರನ್ನೂ ಕೇಳದೆ ನನಗೇ ಗೊತ್ತಾಗುತ್ತಿತ್ತು. ಪ್ರಿನ್ಸಿಪಾಲರು ಮೀಟಿಂಗ್‌ನಲ್ಲಿದ್ದರು. ಮುಕ್ಕಾಲು ಗಂಟೆ ಕಾದ ಮೇಲೆ ಎರಡನೆಯದೂ ಬಿತ್ತು.

ಫೀ ಕೌಂಟರ್‌ಗೆ ಬಂದಾಗ ಅಪ್ಪ ಕಿಟಕಿಯಿಂದ ಮೂರನೆಯವನು. ಹಿಂದಿನವರನ್ನು ಎಷ್ಟು ಸಲ ಮುಂದೆ ಬಿಟ್ಟು ಅಲ್ಲೇ ನಿಂತಿದ್ದನೋ ನಾನು ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಸರ್ಕಾರಿ ಕಾಲೇಜಿನಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಉಳಿದ ಶುಲ್ಕ ಕಟ್ಟಬೇಕು. ‘ಫ್ರೀ ಅಂತಾರಲ್ಲ’ ಅಂತ ಬರಿಗೈಲಿ ಬಂದಿದ್ದ ಒಬ್ಬ ಹುಡುಗಿ ನಮ್ಮ ಮುಂದೆಯೇ ವಾಪಸ್ ಹೋದಳು. ನೀವು ದುಡ್ಡು ಇಟ್ಟುಕೊಂಡೇ ಹೋಗಿ. ಎಷ್ಟು ಅನ್ನೋದನ್ನ ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಚಲನ್ ತಗೊಂಡು ಬ್ಯಾಂಕಿಗೆ ಹೋದೆವು. ಊಟದ ಹೊತ್ತು. ಆಮೇಲೆ ನೆಟ್‌ವರ್ಕ್ ಇಲ್ಲ. ಕೈಗೆ ಸೀಲ್ ಬಿದ್ದ ಚಲನ್ ಬಂದಾಗ ಮೂರೂಕಾಲು. ನಮ್ಮ ಚಲನ್‌ನಲ್ಲಿ ಮೂರು ಭಾಗ ಇತ್ತು. ಒಂದನ್ನ ಬ್ಯಾಂಕ್ ಹರಿದು ಇಟ್ಟುಕೊಂಡಿತು. ಎರಡನ್ನ ನಮಗೆ ಕೊಟ್ಟರು, ಒಂದು ಕಾಲೇಜಿಗೆ, ಒಂದು ವಿದ್ಯಾರ್ಥಿಗೆ. ನಾನು ಓಡೋಡಿ ಬಂದು ಎರಡನ್ನೂ ಕಿಟಕಿಯೊಳಗೆ ಇಟ್ಟೆ. ಕ್ಲರ್ಕ್ ಎರಡನ್ನೂ ಫಾರ್ಮ್‌ಗೆ ಸೇರಿಸಿ ಪಿನ್ ಹೊಡೆದು ಪಕ್ಕಕ್ಕಿಟ್ಟರು. ನಾನು ಹೊರಟೇ ಬಿಟ್ಟಿದ್ದೆ.

‘ಸಾಹೇಬ್ರ, ಒಂದು ಚೀಟಿ ನಮಗ ಬರ್ಬೇಕಲ್ರಿ’ ಅಂದ ಅಪ್ಪ.

ಅದರಲ್ಲಿ ಏನು ಬರೆದಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ದುಡ್ಡು ಕೊಟ್ಟ ಮೇಲೆ ಕೈಯಲ್ಲಿ ಚೀಟಿ ಇಲ್ಲದೆ ಹೋಗಬಾರದು ಅನ್ನೋದಷ್ಟೇ ಗೊತ್ತಿತ್ತು. ಕ್ಲರ್ಕ್ ಪಿನ್ ಬಿಚ್ಚಿ ಕೊಟ್ಟರು. ಮುಂದೆ ಬಸ್ ಪಾಸ್ ಮಾಡಿಸುವಾಗ ಫೀ ಕಟ್ಟಿದ ರಸೀದಿ ಕೇಳಿದರು, ಸ್ಕಾಲರ್‌ಶಿಪ್‌ಗೂ ಬೇಕಾಯ್ತು. ಎರಡು ಸಲವೂ ಆ ಚೀಟಿಯೇ ಕೊಟ್ಟಿದ್ದು.

ಕೊನೆಯ ಕೌಂಟರ್ ಅಡ್ಮಿಷನ್ ರಿಜಿಸ್ಟರ್‌ನದು. ಅಲ್ಲಿ ಮೂಲ ಟಿಸಿ ತಗೊಂಡರು. ಅದು ಕಾಲೇಜಿನಲ್ಲೇ ಉಳಿಯುತ್ತೆ. ಹಾಗಾಗಿ ಟಿಸಿಯ ಜೆರಾಕ್ಸ್ ಬೇರೆಲ್ಲಕ್ಕಿಂತ ಜಾಸ್ತಿ ಇಟ್ಟುಕೊಳ್ಳಿ. ಮಾರ್ಕ್ಸ್ ಕಾರ್ಡ್‌ನ ವಿಷಯ ಬೇರೆ. ಮೂಲ ಮಾರ್ಕ್ಸ್ ಕಾರ್ಡ್ ನೋಡಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ನನಗೆ ಅವತ್ತು ಕೇಳದೆಯೇ ವಾಪಸ್ ಬಂತು. ನಿಮ್ಮದನ್ನ ಇಟ್ಟುಕೊಂಡರೆ ಮರ್ಯಾದೆಯಿಂದಲೇ ಕೇಳಿ, ಕೊಡದಿದ್ದರೆ ಸಹಿ, ಸೀಲ್ ಇರುವ ಸ್ವೀಕೃತಿ ಬರೆಸಿಕೊಳ್ಳಿ.

ರಿಜಿಸ್ಟರ್‌ನಲ್ಲಿ ಬರೆದುಕೊಂಡವರು ನನ್ನ ಫಾರ್ಮ್‌ನ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಒಂದು ನಂಬರ್ ಹಾಕಿದರು. ಅದೇ ಅಡ್ಮಿಷನ್ ನಂಬರ್. ಅದು ಬಿದ್ದ ಮೇಲೆಯೇ ಸೇರಿದ ಲೆಕ್ಕ. ಚಲನ್ ಕಟ್ಟಿ ಎಲ್ಲಾ ಆಯ್ತು ಅಂತ ಮನೆಗೆ ಹೋದವರ ಹೆಸರು ಹಾಜರಿಯಲ್ಲಿ ಬಂದಿರಲಿಲ್ಲ, ನಮ್ಮ ಕ್ಲಾಸಿನಲ್ಲೇ ಇಬ್ಬರಿದ್ದರು.

ಬಸ್ಸಿನಲ್ಲಿ ಅಪ್ಪ ಜೇಬಿನಿಂದ ಚಲನ್ ತೆಗೆದು, ‘ನಿನ್ನ ಹೆಸರು ಎಲ್ಲೈತಿ ತೋರ್ಸು’ ಅಂದ. ತೋರಿಸಿದೆ. ಮಡಚಿ ಮತ್ತೆ ಒಳಗಿಟ್ಟುಕೊಂಡ.

ಮಾರನೇ ದಿನ ನಾಡಕಚೇರಿಗೆ ಹೋಗಿ ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ಅಲ್ಲಿಯೂ ಅದೇ ಎರಡು ಮಾತು ಕೇಳಿದೆ. ಅರ್ಜಿ ತಲಾಟಿ ಹತ್ತಿರ ಹೋಗುತ್ತೆ, ಆಮೇಲೆ ರೆವಿನ್ಯೂ ಇನ್‌ಸ್ಪೆಕ್ಟರ್, ಆಮೇಲೆ ಮೇಲಿನವರ ಸಹಿ ಅಂದರು. ನಾನು ತಲಾಟಿಯನ್ನು ಒಂದು ಸಲ ಹೋಗಿ ಕಂಡು ಬಂದೆ. ಹನ್ನೊಂದನೇ ದಿನ ಮೊಬೈಲ್‌ಗೆ ಮೆಸೇಜ್ ಬಂತು. ಹದಿಮೂರನೇ ದಿನ ಎಂಟನೇ ರೂಮಿಗೆ ಹೋಗಿ ಕೊಟ್ಟೆ. ಮೇಡಂ ಹೊಸ ಆರ್‌ಡಿ ನಂಬರ್ ಬರೆದುಕೊಂಡು, ನನ್ನ ಫೈಲ್‌ನಿಂದ ಮುಚ್ಚಳಿಕೆ ತೆಗೆದು ನನ್ನ ಕೈಗೆ ಕೊಟ್ಟರು. ಅಪ್ಪನ ಹೆಬ್ಬೆಟ್ಟು ಇರುವ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ನಿಮ್ಮ ಪ್ರಮಾಣಪತ್ರದ ಮೇಲಿನ ದಿನಾಂಕವನ್ನ ಇವತ್ತೇ ನೋಡಿ. ಅವಧಿ ಮುಗಿದಿದ್ದರೆ, ಅಡ್ಮಿಷನ್‌ಗೆ ಇನ್ನೂ ದಿನ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಿಬಿಡಿ. ಯಾವ ಊರಿನ ಕಾಲೇಜು ಅಂತ ಹೇಳಿದರೆ ಅಲ್ಲಿ ಓದಿದವರು ಯಾರಾದರೂ ಗೊತ್ತಿದ್ದಾರಾ ಅಂತ ವಿಚಾರಿಸಿ ಹೇಳ್ತೀನಿ.